ಹೊಸ ವಿಳಾಸ ಹಾಕಿದ್ದಾಯಿತು, ತಂಗಿಗೆ ಇನ್ನೂ ಹಳೆಯ ಸೈಟೇ

ಪ್ರಶ್ನೆ: ಶನಿವಾರಸಂತೆಯ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ವೆಬ್‌ಸೈಟನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸಿದೆವು. ಶನಿವಾರ ಬೆಳಿಗ್ಗೆ 10.15ಕ್ಕೆ ಸೈಟ್ ಮಾಡಿಕೊಟ್ಟ ಹುಡುಗ ಡಿಎನ್‌ಎಸ್‌ನಲ್ಲಿ ಐಪಿ ವಿಳಾಸ ಬದಲಿಸಿ, ‘ಆಯ್ತು ಸರ್, ಈಗ ಪ್ರಪಂಚದಲ್ಲಿ ಎಲ್ಲರಿಗೂ ಹೊಸದೇ’ ಅಂದ. ನನ್ನ ಮೊಬೈಲಿನಲ್ಲಿ ಹೊಸದೇ ಬಂತು, ದುಬೈಯಲ್ಲಿರುವ ಅಳಿಯನಿಗೂ ಬಂತು. ಬೆಂಗಳೂರಿನ ತಂಗಿಗೆ ಮಾತ್ರ ಮಧ್ಯಾಹ್ನದವರೆಗೂ ಹಳೆಯ ಬಾಡಿಗೆ ದರವೇ ಕಾಣುತ್ತಿತ್ತು. ಹುಡುಗ ಹೇಳಿದ್ದು ಸುಳ್ಳೇ?
– ಓದುಗರು, ಶನಿವಾರಸಂತೆ

ಉತ್ತರ: ಹುಡುಗ ಕಂಡದ್ದು ನಿಜ, ಹೇಳಿದ್ದು ತಪ್ಪು. ಅವನ ಪರದೆಯಲ್ಲಿ ಕ್ಷಣದಲ್ಲೇ ಬದಲಾಯಿತು. ಹಾಗೆಂದು ಎಲ್ಲರ ಪರದೆಯಲ್ಲೂ ಬದಲಾಗಬೇಕಿಲ್ಲ.

ನೀವು ಬದಲಿಸಿದ ದಾಖಲೆ ಇರುವುದು ನಿಮ್ಮ ಡೊಮೇನ್‌ನ ಅಧಿಕೃತ ನೇಮ್‌ಸರ್ವರ್‌ನಲ್ಲಿ. ಆ ಸರ್ವರ್ ಹೊಸ ವಿಳಾಸವನ್ನು ಯಾರಿಗೂ ತಾನಾಗಿ ಕಳಿಸುವುದಿಲ್ಲ, ಕೇಳಿದವರಿಗೆ ಉತ್ತರ ಕೊಡುತ್ತದೆ, ಅಷ್ಟೆ. ಕೇಳುವವರು ಬಹುಮಟ್ಟಿಗೆ ಗ್ರಾಹಕರಲ್ಲ, ಅವರ ಇಂಟರ್‌ನೆಟ್ ಕಂಪನಿಯ ರಿಸಾಲ್ವರ್ ಎಂಬ ಮಧ್ಯದ ಸರ್ವರ್‌ಗಳು. ಒಮ್ಮೆ ಉತ್ತರ ಸಿಕ್ಕರೆ ಅದನ್ನು ಅವು ಸ್ವಲ್ಪ ಕಾಲ ನೆನಪಿನಲ್ಲಿಟ್ಟುಕೊಳ್ಳುತ್ತವೆ. ನಿಮ್ಮೂರ ಸಂತೆಯಲ್ಲಿ ಮೆಣಸಿನ ದರ ಕೇಳಿಕೊಂಡು ಹೋದವರು ಮುಂದಿನ ಶನಿವಾರದವರೆಗೂ ಅದೇ ದರ ಹೇಳುತ್ತಿರುವುದಿಲ್ಲವೇ, ಹಾಗೆ. ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದು ದಾಖಲೆಯ ಜೊತೆಗೇ ಸೆಕೆಂಡುಗಳಲ್ಲಿ ಬರುತ್ತದೆ. ಅದಕ್ಕೆ ಟಿಟಿಎಲ್ ಎನ್ನುತ್ತಾರೆ. 1987ರ ಡಿಎನ್‌ಎಸ್ ನಿಯಮಾವಳಿಯಲ್ಲೇ ಈ ವ್ಯವಸ್ಥೆ ಇದೆ. ಪ್ರತಿ ಸಲವೂ ಮೂಲಕ್ಕೇ ಹೋಗಿ ಕೇಳುವಂತಿದ್ದರೆ ಇಷ್ಟು ದೊಡ್ಡ ಜಾಲ ನಡೆಯುತ್ತಲೇ ಇರಲಿಲ್ಲ.

ನಿಮ್ಮ ಹಳೆಯ ದಾಖಲೆಯ ಟಿಟಿಎಲ್ 14400, ಅಂದರೆ ನಾಲ್ಕು ಗಂಟೆ ಇತ್ತು ಎಂದುಕೊಳ್ಳಿ. ತಂಗಿಯ ಕಂಪನಿಯ ರಿಸಾಲ್ವರ್ ಬೇರೆ ಯಾರದೋ ಸಲುವಾಗಿ 10 ಗಂಟೆಗೆ ನಿಮ್ಮ ವಿಳಾಸ ಕೇಳಿಕೊಂಡಿತ್ತು. ಅದಕ್ಕೆ ಸಿಕ್ಕಿದ್ದು ಹಳೆಯ ವಿಳಾಸ, ಮಧ್ಯಾಹ್ನ 2ರವರೆಗೂ ಅದನ್ನೇ ಹೇಳುವ ಹಕ್ಕು ಅದಕ್ಕಿದೆ. ಬೆಳಿಗ್ಗೆ 6.20ಕ್ಕೆ ಕೇಳಿಕೊಂಡ ಇನ್ನೊಂದು ರಿಸಾಲ್ವರ್‌ನ ನೆನಪು 10.20ಕ್ಕೇ ಮುಗಿಯುತ್ತದೆ, ಅದರ ಗ್ರಾಹಕರಿಗೆ ಐದೇ ನಿಮಿಷದಲ್ಲಿ ಹೊಸದು. ಅಳಿಯನ ಕಡೆಯ ರಿಸಾಲ್ವರ್ ಆವತ್ತು ನಿಮ್ಮ ಹೆಸರನ್ನೇ ಕೇಳಿರಲಿಲ್ಲ, ಮೊದಲ ಸಲ ಕೇಳಿದಾಗಲೇ ಹೊಸದು ಸಿಕ್ಕಿತು. ದೂರಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂದಿನ ಸಲ ಯಾವಾಗ ಕೇಳಿತ್ತು ಎಂಬುದೊಂದೇ ಪ್ರಶ್ನೆ.

ಲೆಕ್ಕಕ್ಕೆ ಬರುವುದು ಹಳೆಯ ದಾಖಲೆಯ ಟಿಟಿಎಲ್, ಹೊಸದರದ್ದಲ್ಲ. ಬದಲಿಸುವಾಗಲೇ ಟಿಟಿಎಲ್ಲನ್ನೂ 300ಕ್ಕೆ ಇಳಿಸಿದರೆ ಆಗಲೇ ಹಳೆಯದನ್ನು ಇಟ್ಟುಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ವಿಳಾಸವನ್ನು ಮುಟ್ಟದೆ ಟಿಟಿಎಲ್ ಮಾತ್ರ 300 ಮಾಡಿ, ಹಳೆಯ ಟಿಟಿಎಲ್‌ನಷ್ಟು ಹೊತ್ತು ಪೂರ್ತಿ ಕಳೆಯಲು ಬಿಡಿ. ವಿಳಾಸ ಬದಲಿಸುವುದು ಆಮೇಲೆ. ಆಗ ಹೆಚ್ಚಿನವರಿಗೆ ಐದು ನಿಮಿಷದ ವ್ಯತ್ಯಾಸವಷ್ಟೇ ಉಳಿಯುತ್ತದೆ. ಹಳೆಯ ಸರ್ವರನ್ನು ಮಾತ್ರ ಆ ದಿನವೇ ಮುಚ್ಚಬೇಡಿ. ತಂಗಿಗೆ ಹಳೆಯ ದರವಾದರೂ ಕಂಡಿತು. ಮುಚ್ಚಿಬಿಟ್ಟಿದ್ದರೆ ಬುಕಿಂಗ್ ಮಾಡಲು ಬಂದವರಿಗೆ ಏನೂ ಕಾಣುತ್ತಿರಲಿಲ್ಲ.

ಪರೀಕ್ಷಿಸಲು ಮೂಲವನ್ನೂ ಒಂದು ರಿಸಾಲ್ವರನ್ನೂ ಬೇರೆ ಬೇರೆಯಾಗಿ ಕೇಳಬೇಕು. ನಿಮ್ಮ ಹೆಸರಿನ ಬದಲು ಮಾದರಿ ಹೆಸರು ಹಾಕಿದ್ದೇನೆ:

```
dig @ns1.example.com example.com A
dig @8.8.8.8 example.com A
```

ಮೊದಲನೆಯದು ಹೊಸ ವಿಳಾಸ ಹೇಳಿದರೆ ನಿಮ್ಮ ಕಡೆಯ ಕೆಲಸ ಸರಿಯಾಗಿದೆ. ಎರಡನೆಯದು ಗೂಗಲ್‌ನ ರಿಸಾಲ್ವರ್. ಉತ್ತರದಲ್ಲಿ ಹೆಸರಿನ ಪಕ್ಕದಲ್ಲಿರುವ ಸಂಖ್ಯೆ ಕೇಳಿದಷ್ಟು ಸಲವೂ ಇಳಿಯುತ್ತಾ ಹೋದರೆ ಅದು ನೆನಪಿನಿಂದ ಹೇಳುತ್ತಿದೆ ಎಂದರ್ಥ. ಹಳೆಯ ವಿಳಾಸ ಹೋಗಲು ಎಷ್ಟು ಸೆಕೆಂಡು ಬಾಕಿ ಎಂದು ಅಲ್ಲೇ ಓದಿಕೊಳ್ಳಬಹುದು. ಒಮ್ಮೆ ಹೊಸದು, ಮತ್ತೊಮ್ಮೆ ಹಳೆಯದು ಬಂದರೆ ಗಾಬರಿ ಬೇಡ. 8.8.8.8 ಎಂಬ ಒಂದೇ ವಿಳಾಸದ ಹಿಂದೆ ಅನೇಕ ಯಂತ್ರಗಳಿವೆ, ಅವುಗಳ ನೆನಪು ಬೇರೆ ಬೇರೆ.

ಪ್ರಶ್ನೆ: ಡೊಮೇನ್ ಮಾರಿದವರು ‘24ರಿಂದ 48 ಗಂಟೆ ಕಾಯಿರಿ’ ಅನ್ನುತ್ತಾರೆ. ನೀವು ನಿಮಿಷಗಳ ಲೆಕ್ಕ ಹೇಳುತ್ತೀರಿ. ಯಾರನ್ನು ನಂಬಲಿ?
– ಓದುಗರು, ಸೋಮವಾರಪೇಟೆ

ಉತ್ತರ: ನೀವು ಬದಲಿಸಿದ್ದು ಯಾವುದನ್ನು ಎಂಬುದನ್ನು ಮೊದಲು ನೋಡಿ. ಒಂದು ವಿಳಾಸವನ್ನು ಬದಲಿಸಿದ್ದರೆ ನಿಮ್ಮದೇ ಟಿಟಿಎಲ್ ಲೆಕ್ಕ. ನೇಮ್‌ಸರ್ವರನ್ನೇ ಬೇರೆ ಕಂಪನಿಗೆ ಒಯ್ದಿದ್ದರೆ ಲೆಕ್ಕ ಮೇಲಿನ ಹಂತಕ್ಕೆ ಹೋಗುತ್ತದೆ. ಡಾಟ್ ಕಾಮ್ ಹೆಸರಿನ ನೇಮ್‌ಸರ್ವರ್ ಯಾವುದು ಎಂದು ಹೇಳುವ ಡಾಟ್ ಕಾಮ್ ನೋಂದಣಿಯ ದಾಖಲೆಗೆ 172800 ಸೆಕೆಂಡು, ಅಂದರೆ ಎರಡು ದಿನದ ಟಿಟಿಎಲ್ ಇದೆ. ಅದನ್ನು ಇಳಿಸುವ ಅಧಿಕಾರ ನಿಮಗೂ ಇಲ್ಲ, ನಿಮ್ಮ ಮಾರಾಟಗಾರರಿಗೂ ಇಲ್ಲ. 48 ಗಂಟೆ ಎಂಬ ಮಾತಿಗೆ ಅಲ್ಲಿ ಆಧಾರವಿದೆ. ಎಲ್ಲ ಬದಲಾವಣೆಗೂ ಅದನ್ನೇ ಹೇಳುವುದು ಗ್ರಾಹಕರ ಫೋನ್ ತಪ್ಪಿಸಿಕೊಳ್ಳುವ ಉಪಾಯ ಎಂದು ನನ್ನ ಅನಿಸಿಕೆ.

ಆ ಎರಡು ದಿನವೂ ಹಳೆಯ ಕಂಪನಿಯ ನೇಮ್‌ಸರ್ವರ್‌ನಲ್ಲಿ ಹೊಸ ವಿಳಾಸವನ್ನೇ ಹಾಕಿಡಿ. ಯಾರು ಎಲ್ಲಿ ಕೇಳಿದರೂ ಒಂದೇ ಉತ್ತರ ಸಿಗುತ್ತದೆ. ಅದನ್ನು ಬೇಗ ಮುಚ್ಚಿದರೆ ಇನ್ನೊಂದು ತೊಂದರೆ ಇದೆ: ಮೂಲ ಸಿಗದಿದ್ದರೆ ಅವಧಿ ಮೀರಿದ ಹಳೆಯ ಉತ್ತರವನ್ನೇ ಸ್ವಲ್ಪ ಕಾಲ ಕೊಡಬಹುದು ಎಂದು ಒಪ್ಪುವ ನಿಯಮ 2020ರಲ್ಲಿ ಬಂದಿದೆ, ಕೆಲವು ರಿಸಾಲ್ವರ್‌ಗಳು ಹಾಗೆ ಮಾಡುತ್ತವೆ ಕೂಡ.

ದೊಡ್ಡವರೂ ಈ ಮೇಲಿನ ಹಂತದ ಟಿಟಿಎಲ್‌ಗೆ ಸಿಕ್ಕಿಬಿದ್ದಿದ್ದಾರೆ. 2021ರ ಸೆಪ್ಟೆಂಬರ್ 30ರಂದು ಸ್ಲಾಕ್ ಕಂಪನಿ ತನ್ನ slack.com ಹೆಸರಿಗೆ ಡಿಎನ್‌ಎಸ್‌ಸೆಕ್ ಎಂಬ ಸಹಿ ವ್ಯವಸ್ಥೆ ಹಾಕಿತು, ತೊಂದರೆ ಕಂಡಾಗ ಹಿಂದಕ್ಕೆ ತೆಗೆಯಿತು. ಆದರೆ ‘ಈ ಹೆಸರಿಗೆ ಸಹಿ ಇದೆ’ ಎನ್ನುವ ಡಾಟ್ ಕಾಮ್ ದಾಖಲೆಯನ್ನು ರಿಸಾಲ್ವರ್‌ಗಳು 24 ಗಂಟೆಯವರೆಗೆ ಇಟ್ಟುಕೊಳ್ಳಬಹುದಿತ್ತು. ಅವು ಸಹಿ ಹುಡುಕಿದವು, ಸಿಗಲಿಲ್ಲ, ಉತ್ತರವನ್ನೇ ತಿರಸ್ಕರಿಸಿದವು. ತಪ್ಪು ತಿದ್ದಿದ ಮೇಲೂ ಕೆಲವರಿಗೆ ಸ್ಲಾಕ್ ಸಿಗಲಿಲ್ಲ. ಆ ದಾಖಲೆಯನ್ನು ಅಳಿಸಿಬಿಡಿ ಎಂದು ರಿಸಾಲ್ವರ್ ನಡೆಸುವವರನ್ನು ಕೇಳಿಕೊಳ್ಳುವುದಷ್ಟೇ ಆಗ ಕಂಪನಿಯ ಕೈಯಲ್ಲಿ ಉಳಿದಿದ್ದ ದಾರಿ.

ಪ್ರಶ್ನೆ: ಕ್ಲೌಡ್‌ಫ್ಲೇರ್‌ನಲ್ಲಿ ಐಪಿ ಬದಲಿಸಿದಾಗ ನನಗೆ ನಿಜವಾಗಿಯೂ ಕೆಲವೇ ಸೆಕೆಂಡಿನಲ್ಲಿ ಎಲ್ಲ ಕಡೆ ಬದಲಾಗಿತ್ತಲ್ಲ?
– ಓದುಗರು, ಕುಶಾಲನಗರ

ಉತ್ತರ: ಅಲ್ಲಿ ಪ್ರಾಕ್ಸಿ ಆನ್ ಇತ್ತು, ಅಂದರೆ ಕಿತ್ತಳೆ ಬಣ್ಣದ ಮೋಡದ ಗುರುತು ಇತ್ತು ಅನ್ನಿಸುತ್ತದೆ. ಹಾಗಿದ್ದರೆ ಜಗತ್ತಿಗೆ ಕಾಣುವುದು ಕ್ಲೌಡ್‌ಫ್ಲೇರ್‌ನ ವಿಳಾಸ, ಅದು ಬದಲಾಗಲೇ ಇಲ್ಲ. ಬದಲಾದದ್ದು ಅದರ ಹಿಂದಿನ ನಿಮ್ಮ ಸರ್ವರ್ ವಿಳಾಸ, ಅದನ್ನು ಅವರ ಯಂತ್ರಗಳು ಮಾತ್ರ ಬಳಸುತ್ತವೆ. ಪ್ರಾಕ್ಸಿ ಇಲ್ಲದ ದಾಖಲೆಗೆ ಮೇಲೆ ಹೇಳಿದ ಲೆಕ್ಕವೇ.

ಪ್ರಶ್ನೆ: ಹೊಸ ಸಬ್‌ಡೊಮೇನ್ ಸೇರಿಸಿದೆ. ಹಳೆಯ ವಿಳಾಸ ಅನ್ನುವುದೇ ಇರಲಿಲ್ಲ. ಆದರೂ ನನ್ನ ಕಂಪ್ಯೂಟರ್ ಮಾತ್ರ ‘ಈ ಹೆಸರು ಇಲ್ಲ’ ಅನ್ನುತ್ತಿತ್ತು!
– ಓದುಗರು, ಕೊಡ್ಲಿಪೇಟೆ

ಉತ್ತರ: ಸೇರಿಸುವ ಮೊದಲೇ ಬ್ರೌಸರಿನಲ್ಲಿ ಆ ಹೆಸರು ಹೊಡೆದು ನೋಡಿದ್ದೀರಿ, ಅಲ್ಲವೇ? ‘ಇಲ್ಲ’ ಎಂಬ ಉತ್ತರವನ್ನೂ ರಿಸಾಲ್ವರ್‌ಗಳು ನೆನಪಿಟ್ಟುಕೊಳ್ಳುತ್ತವೆ. ಆ ಅವಧಿಗೆ ಮಿತಿ ನಿಮ್ಮ ಡೊಮೇನ್‌ನ ಎಸ್‌ಒಎ ದಾಖಲೆಯ ಕೊನೆಯ ಸಂಖ್ಯೆ.

```
dig example.com SOA
```

ಅದು 3600 ಎಂದಿದ್ದರೆ ಒಂದು ಗಂಟೆಯವರೆಗೆ ‘ಇಲ್ಲ’ ಎಂದೇ ಬರಬಹುದು. ವಿಂಡೋಸ್‌ನಲ್ಲಿ `ipconfig /flushdns` ಕೊಟ್ಟರೆ ನಿಮ್ಮ ಯಂತ್ರದ ನೆನಪು ಅಳಿಯುತ್ತದೆ, ಕಂಪನಿಯ ರಿಸಾಲ್ವರ್‌ನದಲ್ಲ. ಮುಂದಿನ ಸಲ ಮೊದಲು ದಾಖಲೆ ಸೇರಿಸಿ, ಆಮೇಲೆ ತೆರೆದು ನೋಡಿ.