ಮಧ್ಯಾಹ್ನ ಒಂದೂವರೆಗೆ ಹೊರಡಬೇಕು, ಅನುಮತಿ ಕೊಡಿ

ಮಗಳ ಶಾಲೆಯ ಡೈರಿಯಲ್ಲಿ ಚೀಟಿ ಅಂಟಿಸಿ ಕಳಿಸಿದ್ದಾರೆ: ಶುಕ್ರವಾರ ಸಂಜೆ 5ಕ್ಕೆ ವಾರ್ಷಿಕೋತ್ಸವ, ಪೋಷಕರು ತಪ್ಪದೆ ಬರಬೇಕು. ಶಾಲೆ ಮಾರಿಕುಪ್ಪಂನಲ್ಲಿ, ಅಮ್ಮನ ಕೆಲಸ ಬೆಂಗಳೂರಿನ ಖಾಸಗಿ ಕಚೇರಿಯಲ್ಲಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮನೆಗಳು ಬೆಳಗಿನ ರೈಲನ್ನೇ ನಂಬಿ ಬದುಕುತ್ತಿವೆ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ, ಅಲ್ಲಿಂದ ಬೆಂಗಳೂರಿಗೆ. ಕಚೇರಿ ಬಾಗಿಲಿಂದ ಮನೆ ಬಾಗಿಲಿಗೆ ಮೂರು ಗಂಟೆ ಹಿಡಿಯುತ್ತದೆ ಅಂದುಕೊಳ್ಳಿ. ಐದಕ್ಕೆ ಶಾಲೆಯಲ್ಲಿರಬೇಕಾದರೆ ಒಂದೂವರೆಗೇ ಹೊರಡಬೇಕು.

ಇಂಥವರು ಮಾಡುವ ಮೊದಲ ತಪ್ಪು, ಮೇಲ್‌ನಲ್ಲಿ ಬರೀ ‘ಪರ್ಮಿಷನ್ ಬೇಕು’ ಎಂದು ಬರೆಯುವುದು. ಹಲವು ಕಚೇರಿಗಳಲ್ಲಿ ಪರ್ಮಿಷನ್ ಎಂದರೆ ಒಂದೆರಡು ಗಂಟೆ, ರಜೆ ಲೆಕ್ಕಕ್ಕೆ ಬಾರದ ಸಲುಗೆ. ಒಂದೂವರೆಗೆ ಎದ್ದು ಹೋದವರ ಹಾಜರಾತಿಯಲ್ಲಿ ಅರ್ಧ ದಿನ ಕಡಿಮೆ ಬೀಳುತ್ತದೆ. ಯಾವ ರಜೆಯೆಂದು ಅವರು ಹೇಳಿರುವುದಿಲ್ಲವಾದ್ದರಿಂದ ತಿಂಗಳ ಕೊನೆಗೆ ಅದು ಸಂಬಳ ಕಡಿತವಾಗಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಜಗಳ.

ಕಾನೂನಿನ ಮಾತಿಗೆ ಬರೋಣ. ಮಕ್ಕಳ ಶಾಲಾ ಕಾರ್ಯಕ್ರಮಕ್ಕೆಂದೇ ಪ್ರತ್ಯೇಕ ರಜೆಯನ್ನು ಯಾವ ಕಾಯ್ದೆಯೂ ಕೊಟ್ಟಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪೋಷಕರ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆ ತಿಳಿಸುವ ಕರ್ತವ್ಯವನ್ನು ಶಿಕ್ಷಕರಿಗೆ ಹಾಕಿದೆ. ಆ ಸಭೆಗೆ ಹೋಗಲು ಬಿಡಬೇಕು ಎಂದು ಮಾಲೀಕರಿಗೆ ಎಲ್ಲೂ ಹೇಳಿಲ್ಲ! ಆದರೆ ಕಚೇರಿ, ಅಂಗಡಿಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 15ನೇ ಕಲಮಿನಲ್ಲಿ ದಾರಿಯಿದೆ. ದುಡಿದ ದಿನಗಳ ಮೇಲೆ ಸಿಗುವ ವಾರ್ಷಿಕ ರಜೆಯಲ್ಲದೆ, ವರ್ಷಕ್ಕೆ 12 ದಿನ ಮೀರದಂತೆ ಸಂಬಳ ಸಹಿತ ರಜೆಯನ್ನು ಅದು ಕೊಡುತ್ತದೆ. ಕಾಯಿಲೆ, ಅಪಘಾತದ ಜೊತೆಗೆ ‘ಬೇರೆ ಯಾವುದೇ ಸಮಂಜಸ ಕಾರಣ’ಕ್ಕೂ ಅದನ್ನು ಪಡೆಯಬಹುದು. ಮಗಳ ವಾರ್ಷಿಕೋತ್ಸವ ಸಮಂಜಸ ಕಾರಣವಲ್ಲ ಎಂದು ವಾದಿಸುವುದು ಕಷ್ಟ. ಹಾಗೆಂದು ಇಂಥದೇ ದಿನ, ಇಂಥದೇ ಹೊತ್ತಿಗೆ ಕೊಡಲೇಬೇಕು ಎಂದು ಪಟ್ಟು ಹಿಡಿಯುವಂತಿಲ್ಲ. ಅರ್ಧ ದಿನದ ಲೆಕ್ಕವೂ ಸಂಸ್ಥೆಯ ರಜೆ ನಿಯಮದ್ದೇ. ಕಾರ್ಖಾನೆ ಕಾರ್ಮಿಕರಿಗೆ, ಸರ್ಕಾರಿ ನೌಕರರಿಗೆ ನಿಯಮಗಳು ಬೇರೆ.

ಹಾಗಾಗಿ ಮೇಲ್ ಹೀಗಿದ್ದರೆ ಸಾಕು:

ವಿಷಯ: ಶುಕ್ರವಾರ ಮಧ್ಯಾಹ್ನದ ನಂತರ ಅರ್ಧ ದಿನದ ರಜೆ ಕೋರಿ

ನಮಸ್ಕಾರ ಮೇಡಂ,
ಬರುವ ಶುಕ್ರವಾರ ಸಂಜೆ 5ಕ್ಕೆ ಮಾರಿಕುಪ್ಪಂನಲ್ಲಿ ನನ್ನ ಮಗಳ ಶಾಲಾ ವಾರ್ಷಿಕೋತ್ಸವವಿದೆ. ಅಂದು ಮಧ್ಯಾಹ್ನ 1.30ಕ್ಕೆ ಹೊರಡಲು ಅನುಮತಿ ಕೋರುತ್ತೇನೆ. ಅರ್ಧ ದಿನವನ್ನು ನನ್ನ ಸಾಂದರ್ಭಿಕ ರಜೆಯಲ್ಲಿ ಹಿಡಿಯಬಹುದು. ವಾರದ ವರದಿಯನ್ನು 1 ಗಂಟೆಯೊಳಗೆ ಕಳಿಸಿರುತ್ತೇನೆ. ದಯವಿಟ್ಟು ಒಪ್ಪಿಗೆ ತಿಳಿಸಿ.
ವಂದನೆಗಳೊಂದಿಗೆ.

ಆಹ್ವಾನ ಪತ್ರಿಕೆ ಲಗತ್ತಿಸುವುದು ಬೇಕಿಲ್ಲ, ಕೇಳಿದರೆ ಕೊಟ್ಟರಾಯಿತು. ‘ಮಗಳು ಅಳುತ್ತಾಳೆ’ ಎಂಬ ವಿವರವೂ ಬೇಡ. ಮ್ಯಾನೇಜರ್ ನೋಡುವುದು ದಿನ, ಹೊತ್ತು, ರಜೆಯ ಬಗೆ ಮತ್ತು ಆ ಮಧ್ಯಾಹ್ನ ಕೆಲಸ ನಿಲ್ಲುತ್ತದೋ ಇಲ್ಲವೋ, ಇಷ್ಟನ್ನೇ. ರಜೆಗೆ ಪೋರ್ಟಲ್ ಇರುವ ಕಚೇರಿಯಾದರೆ ಅಲ್ಲೂ ಅದೇ ದಿನ ಅರ್ಜಿ ಹಾಕಿ. ಸಂಬಳದ ಲೆಕ್ಕ ಹಾಕುವವರು ನೋಡುವುದು ಪೋರ್ಟಲನ್ನೇ, ಮ್ಯಾನೇಜರರ ಮೇಲ್ ಪೆಟ್ಟಿಗೆಯನ್ನಲ್ಲ.

ಇನ್ನು ಉತ್ತರವೇ ಬಾರದಿದ್ದರೆ? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮು ವಿದ್ಯುನ್ಮಾನ ದಾಖಲೆ ಯಾವಾಗ ಹೋಯಿತು, ಯಾವಾಗ ತಲುಪಿತು ಎಂಬುದನ್ನು ನಿರ್ಧರಿಸುವ ನಿಯಮ. ನಿಗದಿಪಡಿಸಿದ ವಿಳಾಸದ ವ್ಯವಸ್ಥೆಯೊಳಗೆ ಮೇಲ್ ಸೇರಿದಾಗ ಅದು ತಲುಪಿದ ಲೆಕ್ಕ. ಹಾಗಾಗಿ ‘ನನಗೆ ಗೊತ್ತೇ ಇರಲಿಲ್ಲ’ ಎಂಬ ಮಾತು ಸುಲಭಕ್ಕೆ ನಿಲ್ಲದು. ಆದರೆ ಅದು ನೀವು ಕೇಳಿದ್ದಕ್ಕೆ ಸಾಕ್ಷಿಯೇ ಹೊರತು ಅವರು ಒಪ್ಪಿದ್ದಕ್ಕಲ್ಲ. ‘ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯುತ್ತೇನೆ’ ಎಂದು ಬರೆದು ಎದ್ದುಹೋದವರನ್ನು ಅನುಮತಿಯಿಲ್ಲದ ಗೈರು ಎಂದು ಬರೆಯಲು ಅಡ್ಡಿಯೇನಿಲ್ಲ. ಬುಧವಾರದವರೆಗೆ ಕಾದು, ಅದೇ ಮೇಲ್‌ಗೆ ಒಂದು ಸಾಲು ಸೇರಿಸಿ: ‘ಮೇಡಂ, ಶುಕ್ರವಾರದ ಅರ್ಧ ದಿನಕ್ಕೆ ನಿಮ್ಮ ಒಪ್ಪಿಗೆಗಾಗಿ ಕಾಯುತ್ತಿದ್ದೇನೆ.’ ಎದುರು ಸಿಕ್ಕಾಗ ಬಾಯಲ್ಲಿ ‘ಹೋಗಮ್ಮಾ’ ಅಂದರೆ ಸೀಟಿಗೆ ಬಂದು ‘ಅನುಮತಿ ಕೊಟ್ಟಿದ್ದಕ್ಕೆ ಧನ್ಯವಾದ’ ಎಂದು ಬರೆದುಬಿಡಿ.

ಒಂದು ಮಧ್ಯಾಹ್ನ ನಿರಾಕರಿಸಿದರೆಂದು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಓಡುವುದರಲ್ಲಿ ಅರ್ಥವಿಲ್ಲ. ವರ್ಷವಿಡೀ ಕೇಳಿದಾಗಲೆಲ್ಲ ಇಲ್ಲವೆಂದು, 12 ದಿನದ ಹಕ್ಕೇ ಕಾಗದದಲ್ಲಿ ಉಳಿದುಹೋದರೆ ಆಗ ದೂರು ಕೊಡಬಹುದು. ಈ ಸಣ್ಣ ಮೇಲ್‌ಗಳೇ ಅಲ್ಲಿ ದಾಖಲೆ. ಶುಕ್ರವಾರ ಅನುಮತಿ ಪಡೆದೇ ಹೋಗಿ ಬಂದವರು ಮುಂದಿನ ತಿಂಗಳ ಸಂಬಳ ಚೀಟಿಯನ್ನು ಒಮ್ಮೆ ನೋಡಿಕೊಳ್ಳಲಿ: ರಜೆ ಬಾಕಿಯಲ್ಲಿ ಅರ್ಧ ಕಡಿಮೆಯಾಗಿರಬೇಕು, ಹಣದಲ್ಲಲ್ಲ.