ಕಿರುಯೋಜನಾ ವರದಿಯ ಸಾರಾಂಶ ಮತ್ತು ಉಪಸಂಹಾರ: ಫಲಿತಾಂಶವನ್ನೂ ಮಿತಿಯನ್ನೂ ಹೇಳುವ ಬಗೆ

ಪ್ರೌಢಶಾಲಾ ವಿದ್ಯಾರ್ಥಿಗಳ ಕಿರುಯೋಜನಾ ವರದಿಗಳಲ್ಲಿ ವಿಧಾನ ಮತ್ತು ಕೋಷ್ಟಕಗಳು ಸಾಮಾನ್ಯವಾಗಿ ತೃಪ್ತಿಕರವಾಗಿಯೇ ಇರುತ್ತವೆ. ಮಾಡಿದ್ದನ್ನು ಮಾಡಿದಂತೆ ಬರೆಯುವುದು ಮಕ್ಕಳಿಗೆ ಕಷ್ಟವಲ್ಲ. ತೊಡಕು ಕಾಣುವುದು ಮೊದಲ ಪುಟದ ಸಾರಾಂಶದಲ್ಲಿ ಮತ್ತು ಕೊನೆಯ ಪುಟದ ಉಪಸಂಹಾರದಲ್ಲಿ. ಸಾರಾಂಶವು ಫಲಿತಾಂಶವನ್ನು ಹೇಳದೆ ಜಾರಿಕೊಳ್ಳುತ್ತದೆ. ಉಪಸಂಹಾರವು ಫಲಿತಾಂಶಕ್ಕಿಂತ ಹೆಚ್ಚನ್ನು ಹೇಳಿಬಿಡುತ್ತದೆ.

ಅಕ್ಕಲಕೋಟೆ ಭಾಗದ ಜೋಳದ ನಾಡಿಗೆ ಒಪ್ಪುವ ಒಂದು ಕಲ್ಪಿತ ಯೋಜನೆಯನ್ನು ತೆಗೆದುಕೊಳ್ಳೋಣ. ಒಂಬತ್ತನೆಯ ತರಗತಿಯ ನಾಲ್ವರು ಮಕ್ಕಳು ಉಪ್ಪುನೀರಿನಲ್ಲಿ ಮಾಲದಂಡಿ ಜೋಳ ಹೇಗೆ ಮೊಳೆಯುತ್ತದೆಂದು ನೋಡಿದರು. ನಾಲ್ಕು ತಟ್ಟೆಗಳಲ್ಲಿ ಒದ್ದೆ ಕಾಗದ ಹಾಸಿ, ತಟ್ಟೆಗೆ 25ರಂತೆ ಬೀಜಗಳನ್ನಿಟ್ಟರು. ಮೊದಲ ತಟ್ಟೆಗೆ ಸಾದಾ ನೀರು. ಉಳಿದವುಗಳಿಗೆ ಲೀಟರಿಗೆ 5, 10, 20 ಗ್ರಾಂ ಅಡುಗೆ ಉಪ್ಪು ಕರಗಿಸಿದ ನೀರು. ಐದನೆಯ ದಿನ ಕ್ರಮವಾಗಿ 23, 20, 12, 2 ಬೀಜಗಳು ಮೊಳೆತಿದ್ದವು.

ಅವರ ಸಾರಾಂಶ ಹೀಗಿತ್ತು ಎಂದುಕೊಳ್ಳೋಣ: “ಈ ಯೋಜನೆಯಲ್ಲಿ ಉಪ್ಪಿನ ಪ್ರಭಾವವನ್ನು ಅಧ್ಯಯನ ಮಾಡಲಾಗಿದೆ. ಪ್ರಯೋಗ ನಡೆಸಿ ಫಲಿತಾಂಶಗಳನ್ನು ಚರ್ಚಿಸಲಾಗಿದೆ.” ಇದು ಸಾರಾಂಶವಲ್ಲ, ಪರಿವಿಡಿ. ಪ್ರಯೋಗಕ್ಕೆ ಮುಂಚೆಯೇ ಬರೆದಿಡಬಹುದಾದ ವಾಕ್ಯಗಳಿವು. ಇವುಗಳನ್ನು ಗುರುತಿಸಲು ಅದೇ ಸುಲಭದ ಪರೀಕ್ಷೆ. ಸಾರಾಂಶ ವರದಿಯಲ್ಲಿ ಮೊದಲು ಬಂದರೂ ಕೊನೆಗೆ ಬರೆಯತಕ್ಕದ್ದು. ಅದನ್ನು ತಿದ್ದಿದರೆ ಹೀಗಾಗುತ್ತದೆ:

“ಉಪ್ಪುನೀರಿನಲ್ಲಿ ಮಾಲದಂಡಿ ಜೋಳದ ಬೀಜ ಎಷ್ಟರಮಟ್ಟಿಗೆ ಮೊಳೆಯುತ್ತದೆಂದು ತಿಳಿಯಲು ನಾಲ್ಕು ತಟ್ಟೆಗಳಲ್ಲಿ 25ರಂತೆ ಬೀಜಗಳನ್ನು ಐದು ದಿನ ಇರಿಸಿದೆವು. ಸಾದಾ ನೀರಿನಲ್ಲಿ 23 ಬೀಜಗಳು ಮೊಳೆತರೆ, ಲೀಟರಿಗೆ 5 ಗ್ರಾಂ ಉಪ್ಪಿದ್ದಾಗ 20, 10 ಗ್ರಾಂ ಇದ್ದಾಗ 12, 20 ಗ್ರಾಂ ಇದ್ದಾಗ 2 ಬೀಜಗಳು ಮಾತ್ರ ಮೊಳೆತವು. ಪ್ರತಿಯೊಂದು ಪ್ರಮಾಣಕ್ಕೂ ಒಂದೇ ತಟ್ಟೆ ಇದ್ದುದರಿಂದ ಸಣ್ಣ ವ್ಯತ್ಯಾಸಗಳನ್ನು ನಂಬುವಂತಿಲ್ಲ.”

ಪ್ರಶ್ನೆ, ವಿಧಾನ, ಅಂಕಿ, ಮುಖ್ಯ ಮಿತಿ – ನಾಲ್ಕೂ ಮೂರು ವಾಕ್ಯಗಳಲ್ಲಿ ಬಂದವು. “ಇರಿಸಲಾಯಿತು” ಎಂಬುದು “ಇರಿಸಿದೆವು” ಎಂದಾದುದನ್ನೂ ಗಮನಿಸಬೇಕು. ಕರ್ಮಣಿ ಪ್ರಯೋಗವೇ ಶಾಸ್ತ್ರೀಯವೆಂಬ ಭಾವನೆಗೆ ಆಧಾರವಿಲ್ಲ. ಅಂಕಿಗಳನ್ನು ಶೇಕಡಾವಾರಿನಲ್ಲಿ ಕೊಡಲೇಬೇಕೆಂದಿಲ್ಲ. 25 ಬೀಜಗಳಲ್ಲಿ ಒಂದು ಬೀಜವೆಂದರೆ ಶೇ. 4, “ಶೇ. 92ರಿಂದ ಶೇ. 80ಕ್ಕೆ ಇಳಿಯಿತು” ಎಂದಾಗ ದೊಡ್ಡದಾಗಿ ಕೇಳುವ ಇಳಿಕೆ ನಿಜವಾಗಿ ಮೂರು ಬೀಜಗಳದು.

ಈ ಮೂರು ಬೀಜಗಳೇ ಉಪಸಂಹಾರದ ಕೀಲಿ. ಒಂದೇ ಸಾದಾ ನೀರಿನ ಎರಡು ತಟ್ಟೆಗಳನ್ನಿಟ್ಟಿದ್ದರೂ ಅವುಗಳ ನಡುವೆ ಎರಡು ಮೂರು ಬೀಜಗಳ ಅಂತರ ಬರಬಹುದಾಗಿತ್ತು. ಆದ್ದರಿಂದ 5 ಗ್ರಾಂ ಉಪ್ಪು ಮೊಳಕೆಯನ್ನು ತಡೆಯಿತೆಂದು ಹೇಳಲಾಗದು, ತಡೆಯಲಿಲ್ಲವೆಂದೂ ಹೇಳಲಾಗದು. 20 ಗ್ರಾಂ ತಟ್ಟೆಯ ಮಾತು ಬೇರೆ: 23ಕ್ಕೆ ಎದುರಾಗಿ 2 ಎಂಬುದು ಆಕಸ್ಮಿಕವೆನ್ನಲು ಬಾರದಷ್ಟು ದೊಡ್ಡ ಅಂತರ. ಹೀಗೆ ಯಾವುದು ಖಚಿತ, ಯಾವುದು ಅನಿಶ್ಚಿತ ಎಂದು ವಿಂಗಡಿಸಿ ಬರೆಯುವುದೇ ಉಪಸಂಹಾರದ ಮೊದಲ ಕೆಲಸ.

ಮಕ್ಕಳು ಇದರ ಬದಲು “ಚೌಳು ಭೂಮಿಯಲ್ಲಿ ಜೋಳ ಬೆಳೆಯುವುದಿಲ್ಲವೆಂದು ಸಾಬೀತಾಯಿತು” ಎಂದು ಬರೆಯುವುದುಂಟು. ಪ್ರಯೋಗದಲ್ಲಿ ಮಣ್ಣೇ ಇರಲಿಲ್ಲ, ಕಾಗದವಿತ್ತು. ಚೌಳಿನಲ್ಲಿ ಅಡುಗೆ ಉಪ್ಪಲ್ಲದೆ ಬೇರೆ ಲವಣಗಳೂ ಇರುತ್ತವೆ. ನೋಡಿದ್ದು ಮೊಳೆಯುವಿಕೆಯನ್ನು, ಬೆಳವಣಿಗೆಯನ್ನಲ್ಲ, ಇಳುವರಿಯನ್ನಂತೂ ಅಲ್ಲವೇ ಅಲ್ಲ. ಉಪಸಂಹಾರದ ಪ್ರತಿ ನಾಮಪದವೂ ವಿಧಾನದ ಪುಟದಲ್ಲಿ ಇದೆಯೇ ಎಂದು ಶಿಕ್ಷಕರು ಕೇಳಿದರೆ ಸಾಕು, ಇಂಥ ಜಿಗಿತಗಳು ಬಯಲಾಗುತ್ತವೆ.

ಮಿತಿಗಳ ವಿಷಯದಲ್ಲಿ “ಸಮಯದ ಅಭಾವವಿತ್ತು, ಉಪಕರಣಗಳ ಕೊರತೆಯಿತ್ತು” ಎಂಬ ಸಿದ್ಧವಾಕ್ಯ ಎಲ್ಲ ವರದಿಗಳಲ್ಲೂ ಸುಳಿಯುತ್ತದೆ. ಅದು ಕ್ಷಮಾಪಣೆಯೇ ಹೊರತು ಮಿತಿಯಲ್ಲ. ಮಿತಿಯೆಂದರೆ ಫಲಿತಾಂಶವನ್ನು ಯಾವ ಕಡೆಗೆ ವಾಲಿಸಿರಬಹುದೆಂದು ಹೇಳುವ ಮಾತು. ಇಲ್ಲಿ ತಟ್ಟೆಗಳನ್ನು ಮುಚ್ಚಿರಲಿಲ್ಲ ಎಂದಿಟ್ಟುಕೊಳ್ಳೋಣ. ನೀರು ಆವಿಯಾದಂತೆ ಉಪ್ಪು ಉಳಿಯುತ್ತದೆ. ಒಣಗಿದ ಕಾಗದಕ್ಕೆ ಮತ್ತೆ ಉಪ್ಪುನೀರನ್ನೇ ಹನಿಸಿದರೆ ಅದು ಇನ್ನಷ್ಟು ಸೇರುತ್ತದೆ. ಆಗ ಬರೆಯಬೇಕಾದದ್ದು: “ಬೀಜಗಳಿಗೆ ತಗುಲಿದ ಉಪ್ಪು ನಾವು ಬರೆದ ಪ್ರಮಾಣಕ್ಕಿಂತ ಹೆಚ್ಚಿದ್ದಿರಬಹುದು, ಲೀಟರಿಗೆ 10 ಗ್ರಾಂ ಉಪ್ಪಿನ ಪರಿಣಾಮ ನಮ್ಮ ಕೋಷ್ಟಕದಲ್ಲಿ ಕಾಣುವುದಕ್ಕಿಂತ ಕಡಿಮೆ ಇರಬಹುದು.” ಹೀಗೆ ಬರೆದ ವಿದ್ಯಾರ್ಥಿಯ ಅಂಕವನ್ನು ಮಿತಿ ಒಪ್ಪಿಕೊಂಡನೆಂದು ಕಡಿಮೆ ಮಾಡುವ ಪರಿಪಾಠ ಕೆಲವೆಡೆ ಇದೆ. ಮಕ್ಕಳು ಸಿದ್ಧವಾಕ್ಯದ ಹಿಂದೆ ಅಡಗಲು ಅದೂ ಒಂದು ಕಾರಣ.

“ಮುಂದೆ ಹೆಚ್ಚಿನ ಸಂಶೋಧನೆ ಅಗತ್ಯ” ಎಂಬ ಕೊನೆಯ ಸಾಲನ್ನೂ ಮಿತಿಯಿಂದಲೇ ಹುಟ್ಟಿಸಬಹುದು. 20 ಗ್ರಾಂ ತಟ್ಟೆಯ 23 ಬೀಜಗಳು ಸತ್ತಿದ್ದವೋ, ಮೊಳೆಯದೆ ತಡೆಹಿಡಿದುಕೊಂಡಿದ್ದವೋ ಈ ಪ್ರಯೋಗದಿಂದ ತಿಳಿಯದು. ಅವನ್ನು ತೊಳೆದು ಸಾದಾ ನೀರಿನಲ್ಲಿ ಮತ್ತೆ ಐದು ದಿನ ಇಟ್ಟು, ಮೊಳೆತವನ್ನು ಎಣಿಸಬಹುದು.