ನಲವತ್ತೆಂಟನೇ ಪುಟ

ಪ್ರಶ್ನೆ: ನಾನು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಡಲು ಮರುದಿನವೇ ಕೊನೆ. ರಾತ್ರಿ ಎಂಟಕ್ಕೆ ಪುಟ ಎಣಿಸಿದರೆ, ಸಾಹೇಬರ ಸಹಿಯಿದ್ದ ಕೊನೆಯ ಹಾಳೆ, 48ನೇ ಪುಟ, ಕಡತದಲ್ಲಿ ಇಲ್ಲ. ಕಡತ ನಮ್ಮ ಮೂವರ ಕೈಯಲ್ಲಿ ಓಡಾಡಿತ್ತು. ಪಕ್ಕದ ಮೇಜಿನವರೇ ತೆಗೆದಿರಬೇಕು ಎಂದುಕೊಂಡೆ. ಹಳೆಯ ತಾರೀಖು ಹಾಕಿ ಹೊಸ ಹಾಳೆ ಟೈಪ್ ಕೂಡ ಮಾಡಿದೆ. ಸಹಿಯ ಜಾಗಕ್ಕೆ ಬಂದಾಗ ಕೈ ನಡುಗಿತು, ಹರಿದು ಹಾಕಿದೆ. ಬೆಳಿಗ್ಗೆ ನೋಡಿದರೆ ಕಾಣೆಯಾದ ಹಾಳೆ ಜೆರಾಕ್ಸ್ ಯಂತ್ರದ ಗಾಜಿನ ಮೇಲಿತ್ತು. ಬಿಟ್ಟವಳು ನಾನೇ! ಈಗಲೂ ರಾತ್ರಿ ಎಚ್ಚರವಾಗಿ ಪುಟ ಎಣಿಸುತ್ತೇನೆ.

ಉತ್ತರ: ಆ ರಾತ್ರಿ ಖಾಲಿ ಕಚೇರಿಯಲ್ಲಿ ಒಬ್ಬರೇ ಕೂತು ಪಟ್ಟ ಭಯ ಸಣ್ಣದಲ್ಲ. ಹಾಳೆ ಸಿಕ್ಕಿತು, ಉತ್ತರವೂ ಹೋಯಿತು. ಆದರೂ ನಿದ್ದೆ ಬರುತ್ತಿಲ್ಲವೆಂದರೆ, ನಿಮ್ಮನ್ನು ಕಾಡುತ್ತಿರುವುದು ಹಾಳೆಯಲ್ಲ. 'ನಾನು ಅಂಥದ್ದಕ್ಕೂ ಇಳಿಯುತ್ತಿದ್ದೆನಾ' ಎಂಬ ಪ್ರಶ್ನೆ.

ಇದನ್ನು ಹೀಗೆ ನೋಡಿ. ಹಾಳೆ ಮರೆತದ್ದು ಕೈತಪ್ಪು. ಸುಳ್ಳು ಹಾಳೆ ಸೇರಿಸಿದ್ದರೆ ಅದು ಕೃತ್ಯವಾಗುತ್ತಿತ್ತು. ಎರಡರ ನಡುವಿನ ಗೆರೆಯ ಹತ್ತಿರ ಹೋಗಿ, ಯಾರೂ ನೋಡದಿದ್ದಾಗ ನೀವೇ ಹಿಂದೆ ಸರಿದಿರಿ. ನೆನಪಿಡಬೇಕಾದದ್ದು ಅದು.

ಭಯವನ್ನು ಅದರ ಅಳತೆಗೂ ತನ್ನಿ. ಉತ್ತರಕ್ಕೆ ಕಾನೂನು ಕೊಡುವುದು 30 ದಿನ. ತಡವಾದರೆ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000 ದಂಡ. ಅದೂ ಸಕಾರಣವಿಲ್ಲದೆ ತಡವಾದಾಗ, ಮತ್ತು ಕಾನೂನು ಮೊದಲು ಕೇಳುವುದು ಮಾಹಿತಿ ಅಧಿಕಾರಿಯನ್ನು. ಸುಳ್ಳು ಸಹಿಗೆ ಇಂಥ ಮಿತಿಯಿಲ್ಲ, ಅದು ಕೆಲಸವನ್ನೇ ತಿನ್ನಬಲ್ಲದು.

ಮತ್ತೆ ಹೀಗಾದರೆ ಮೊದಲು ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ. ಆಮೇಲೆ ಜೊತೆಗೆ ಕಟ್ಟಿಟ್ಟ ಬೇರೆ ಕಡತಗಳ ಕೊನೆ ನೋಡಿ. ಟ್ಯಾಗಿನ ತೂತು ಹರಿದ ಹಾಳೆ ಪಕ್ಕದ ಕಡತಕ್ಕೆ ಜಾರಿರುತ್ತದೆ. ಹಾಳೆ ಹೊರಹೋದ ಪತ್ರವಾಗಿದ್ದರೆ, ರವಾನೆ ವಹಿಯಲ್ಲಿ ಯಾರಿಗೆ ಹೋಗಿದೆ ಎಂದು ನೋಡಿ ಅಲ್ಲಿಂದ ಪ್ರತಿ ಕೇಳಬಹುದು. ಸಿಗದಿದ್ದರೆ ಅದೇ ರಾತ್ರಿ ಮೇಲಿನವರಿಗೆ ಫೋನ್ ಮಾಡಿ, ಬೆಳಿಗ್ಗೆ ಎರಡು ಸಾಲು ಬರೆದುಕೊಡಿ: ಯಾವ ಪುಟ, ಇಲ್ಲವೆಂದು ಯಾವಾಗ ಕಂಡಿತು, ಎಲ್ಲೆಲ್ಲಿ ಹುಡುಕಿದಿರಿ. ಯಾರ ಹೆಸರೂ ಬೇಡ. ಉಳಿದ 47 ಪುಟ ಕೊಟ್ಟು, ಒಂದನ್ನು ಹುಡುಕುತ್ತಿದ್ದೇವೆಂದು ಅರ್ಜಿದಾರರಿಗೆ ತಿಳಿಸುವುದು ಅಧಿಕಾರಿಯ ತೀರ್ಮಾನ. ಆ ಭಾರ ನಿಮ್ಮ ಹೆಗಲಿನದಲ್ಲ.

ಪಕ್ಕದ ಮೇಜಿನವರಿಗೆ ತಪ್ಪೊಪ್ಪಿಗೆ ಬೇಕಿಲ್ಲ. ಅವರಿಗೆ ಗೊತ್ತೇ ಇಲ್ಲದ ನೋವನ್ನು ಯಾಕೆ ಕೊಡುವುದು? 'ಇನ್ಮೇಲೆ ಕಡತ ಕೈ ಬದಲಿಸುವಾಗ ಇಬ್ಬರೂ ಸೇರಿ ಪುಟ ಎಣಿಸೋಣ' ಎಂದು ಹೇಳಿ. ಆಗ ಎಣಿಕೆ ಹಗಲಿನಲ್ಲೇ ಮುಗಿಯುತ್ತದೆ.

ಇನ್ನೆರಡು ವಾರ ಕಳೆದರೂ ನಿದ್ದೆ ಹೀಗೇ ಒಡೆಯುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.